ಅರ್ಧ ಹೋದರೆ ದುಪ್ಪಟ್ಟಾಗಬೇಕು: ಹಣಕಾಸು ಪ್ರಶ್ನೋತ್ತರ

ಈ ಸಲ ಆರಿಸಿಕೊಂಡ ಪತ್ರಗಳೆಲ್ಲ ಕುರುಗೋಡು, ಸಿರುಗುಪ್ಪ, ಬಳ್ಳಾರಿ ಕಡೆಯವು. ಒಬ್ಬರದು ಷೇರಿನ ಚಿಂತೆ, ಒಬ್ಬರದು ಮೆಣಸಿನಕಾಯಿಯದು, ಇನ್ನೊಬ್ಬರದು ನಿವೃತ್ತಿಯ ಹಣದ್ದು. ಎಲ್ಲರೂ ಕೇಳಿರುವುದು ಮಾತ್ರ ಹೆಚ್ಚುಕಡಿಮೆ ಒಂದನ್ನೇ: ಕಳೆದದ್ದು ವಾಪಸ್ ಬರಬೇಕಾದರೆ ಎಷ್ಟು ಏರಬೇಕು? ಹೆಸರು ಹಾಕಬೇಡಿ ಎಂದು ಕೋರಿರುವುದರಿಂದ ಊರಿನ ಹೆಸರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ನನ್ನದು ಹಾರ್ಡ್‌ವೇರ್ ಅಂಗಡಿ. ಎರಡು ವರ್ಷದ ಹಿಂದೆ 4 ಲಕ್ಷ ರೂಪಾಯಿ ಷೇರಿಗೆ ಹಾಕಿದೆ. ಮೊದಲ ವರ್ಷ ಶೇ 50 ಬಿತ್ತು. ಎರಡನೇ ವರ್ಷ ಶೇ 50 ಏರಿತು. ಬಿದ್ದಷ್ಟೇ ಏರಿದ ಮೇಲೆ ಲೆಕ್ಕ ಸರಿಹೋಗಬೇಕಲ್ಲವೇ? ಆದರೆ ಖಾತೆಯಲ್ಲಿ 3 ಲಕ್ಷ ಮಾತ್ರ ತೋರಿಸುತ್ತಿದೆ. ಬ್ರೋಕರ್ ಏನಾದರೂ ಹಣ ಮುರಿದುಕೊಂಡಿದ್ದಾರೆಯೇ?
*(ಕುರುಗೋಡು)*

ಉತ್ತರ: ಯಾರೂ ಮುರಿದುಕೊಂಡಿಲ್ಲ, ಖಾತೆಯ ಲೆಕ್ಕ ಸರಿಯಾಗಿಯೇ ಇದೆ. ನೀವು ಎರಡೂ ವರ್ಷದ ಶೇಕಡಾವಾರನ್ನು ಒಂದೇ ತಕ್ಕಡಿಯಲ್ಲಿ ಇಟ್ಟಿದ್ದೀರಿ, ಆದರೆ ಅವು ಬೇರೆ ಬೇರೆ ಮೊತ್ತದ ಮೇಲಿನ ಶೇಕಡಾವಾರು. ಮೊದಲ ವರ್ಷದ ಶೇ 50 ಎಂದರೆ 4 ಲಕ್ಷದಲ್ಲಿ ಅರ್ಧ, ಅಂದರೆ 2 ಲಕ್ಷ ಹೋಯಿತು. ಎರಡನೇ ವರ್ಷ ದುಡಿಯಲು ಉಳಿದಿದ್ದೇ 2 ಲಕ್ಷ. ಅದರ ಅರ್ಧ 1 ಲಕ್ಷ ಬಂತು, ಒಟ್ಟು 3 ಲಕ್ಷವಾಯಿತು. ನೂರು ಚೀಲ ಭತ್ತದಲ್ಲಿ ಐವತ್ತು ನೆನೆದು ಹಾಳಾದರೆ, ಉಳಿದ ಐವತ್ತು ಚೀಲವೇ ಇನ್ನೂ ಐವತ್ತನ್ನು ಹುಟ್ಟಿಸಬೇಕು. ಅಂದರೆ ತನ್ನಷ್ಟನ್ನೇ ತಾನು ಮತ್ತೆ ಗಳಿಸಬೇಕು. ಶೇ 50 ನಷ್ಟಕ್ಕೆ ಶೇ 100 ಲಾಭ ಬೇಕು ಎನ್ನುವುದರ ಅರ್ಥ ಇಷ್ಟೇ.

ಇದಕ್ಕೆ ಸಣ್ಣ ಸೂತ್ರವಿದೆ. ಬಿಲ್ ಪುಸ್ತಕದ ಹಿಂದೆ ಬರೆದಿಟ್ಟುಕೊಳ್ಳಿ:

ಬೇಕಾದ ಏರಿಕೆ (ಶೇ) = ನಷ್ಟ ÷ (100 − ನಷ್ಟ) × 100

ಶೇ 10 ನಷ್ಟವಾದರೆ 10 ÷ 90, ಅಂದರೆ ಶೇ 11.1 ಏರಿದರೆ ಸಾಕು. ಶೇ 20ಕ್ಕೆ ಶೇ 25, ಶೇ 30ಕ್ಕೆ ಸುಮಾರು ಶೇ 43. ಇಲ್ಲಿಯವರೆಗೆ ಬೆಟ್ಟ ಹತ್ತಬಹುದಾದಷ್ಟೇ ಇದೆ. ಶೇ 50ಕ್ಕೆ ಶೇ 100 ಆಗುತ್ತದೆ. ಶೇ 75 ಹೋದರೆ ಶೇ 300 ಬೇಕು, ಶೇ 90 ಹೋದರೆ ಶೇ 900. ನಷ್ಟ ಹಂತ ಹಂತವಾಗಿ ಹೆಚ್ಚುತ್ತದೆ, ಬೇಕಾದ ಏರಿಕೆ ಮಾತ್ರ ಒಂದು ಹಂತದ ನಂತರ ಜಿಗಿಯುತ್ತದೆ. ನನ್ನ ಅನುಭವದಲ್ಲಿ ಜನ ಎಡವುವುದು ಇಲ್ಲಿಯೇ. ಶೇ 30 ಬಿದ್ದಾಗ ಇರುವ ತಾಳ್ಮೆಯನ್ನೇ ಶೇ 70 ಬಿದ್ದಾಗಲೂ ತೋರಿಸಿ, ‘ಮೊದಲು ಬಂದಂತೆ ಈಗಲೂ ಬಂದೀತು’ ಎನ್ನುತ್ತಾರೆ.

ಶೇಕಡಾವಾರು ಕಣ್ಣಿಗೆ ಕಾಣದಿದ್ದರೆ ವರ್ಷಕ್ಕೆ ಬದಲಿಸಿ ನೋಡಿ. ನಿಮ್ಮ ಹಣ ವರ್ಷಕ್ಕೆ ಶೇ 12ರಂತೆ ಚಕ್ರಬಡ್ಡಿಯ ರೀತಿ ಬೆಳೆಯುತ್ತದೆ ಎಂದುಕೊಳ್ಳೋಣ. ಶೇ 20 ನಷ್ಟ ತುಂಬಲು ಸುಮಾರು ಎರಡು ವರ್ಷ ಬೇಕು. ಶೇ 50 ತುಂಬಲು ಆರು ವರ್ಷ ದಾಟುತ್ತದೆ. ಶೇ 75ಕ್ಕೆ ಹನ್ನೆರಡು ವರ್ಷ, ಶೇ 90ಕ್ಕೆ ಇಪ್ಪತ್ತು ವರ್ಷ. ಇದು ಬರೀ ಮೊದಲಿದ್ದ ಜಾಗಕ್ಕೆ ಬಂದು ನಿಲ್ಲಲು ಹಿಡಿಯುವ ಕಾಲ. ಅಷ್ಟರಲ್ಲಿ ಸಿಮೆಂಟು, ಕಬ್ಬಿಣದ ದರ ಎಷ್ಟಾಗಿರುತ್ತದೆ ಎಂಬುದು ನಿಮಗೇ ಗೊತ್ತು.

ಇನ್ನೊಂದು ಮಾತು. ಮೊದಲು ಶೇ 50 ಏರಿ ಆಮೇಲೆ ಶೇ 50 ಬಿದ್ದಿದ್ದರೂ ಕೈಯಲ್ಲಿ ಉಳಿಯುತ್ತಿದ್ದುದು 3 ಲಕ್ಷವೇ. 4 ಲಕ್ಷ 6 ಆಗಿ, 6ರಲ್ಲಿ ಅರ್ಧ 3 ಆಗುತ್ತಿತ್ತು. ಯಾರಾದರೂ ‘ಎರಡು ವರ್ಷದ ಸರಾಸರಿ ಸೊನ್ನೆ, ಅಸಲು ಭದ್ರ’ ಎಂದರೆ ನಂಬಬೇಡಿ. ನಿಮ್ಮ ಹಣ ನಿಜವಾಗಿ ವರ್ಷಕ್ಕೆ ಸುಮಾರು ಶೇ 13.4ರಂತೆ ಕರಗಿದೆ. 4 ಲಕ್ಷಕ್ಕೆ ಮರಳಲು ಈಗಿನ 3 ಲಕ್ಷ ಶೇ 33.3 ಏರಬೇಕು.

ಪ್ರಶ್ನೆ: ನಾನು ರೈಸ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವನು. ಎರಡು ಮ್ಯೂಚುವಲ್ ಫಂಡ್‌ಗಳನ್ನು ಹೋಲಿಸಿ ನೋಡುತ್ತಿದ್ದೆ. ಐದು ವರ್ಷದ ಗಳಿಕೆ ಎರಡರದ್ದೂ ಹೆಚ್ಚುಕಡಿಮೆ ಒಂದೇ. ಆದರೆ ‘ಮ್ಯಾಕ್ಸಿಮಮ್ ಡ್ರಾಡೌನ್’ ಎಂಬ ಸಾಲಿನಲ್ಲಿ ಒಂದಕ್ಕೆ ಶೇ 22, ಇನ್ನೊಂದಕ್ಕೆ ಶೇ 38 ಎಂದಿದೆ. ಇದನ್ನು ಹೇಗೆ ಲೆಕ್ಕ ಹಾಕುತ್ತಾರೆ? ಕಡಿಮೆ ಇರುವುದನ್ನೇ ಆರಿಸಿದರೆ ಸಾಕೇ?
*(ಸಿರುಗುಪ್ಪ)*

ಉತ್ತರ: ಲೆಕ್ಕ ಬರೆಯುವವರು ನೀವಾದ್ದರಿಂದ ಪೂರ್ತಿ ವಿವರಿಸುತ್ತೇನೆ. ಮ್ಯಾಕ್ಸಿಮಮ್ ಡ್ರಾಡೌನ್ ಎಂದರೆ ಗರಿಷ್ಠ ಕುಸಿತ. ಒಂದು ಹಾಳೆಯಲ್ಲಿ ಪ್ರತಿ ದಿನದ ಬೆಲೆ ಬರೆಯಿರಿ. ಪಕ್ಕದ ಕಾಲಂನಲ್ಲಿ ಆ ದಿನದವರೆಗೆ ಕಂಡ ಅತಿ ಹೆಚ್ಚಿನ ಬೆಲೆ ಬರೆಯಿರಿ. ಇದು ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಮೂರನೇ ಕಾಲಂನಲ್ಲಿ, ಆ ಶಿಖರದಿಂದ ಇವತ್ತಿನ ಬೆಲೆ ಶೇಕಡಾ ಎಷ್ಟು ಕೆಳಗಿದೆ ಎಂದು ಬರೆಯಿರಿ. ಮೂರನೇ ಕಾಲಂನಲ್ಲಿ ಕಾಣುವ ಅತಿ ದೊಡ್ಡ ಅಂಕಿಯೇ ಗರಿಷ್ಠ ಕುಸಿತ. ಶಿಖರ ಮೊದಲು, ತಳ ಆಮೇಲೆ ಎಂಬ ಕ್ರಮ ತಪ್ಪಬಾರದು. ಇಡೀ ಅವಧಿಯ ಅತಿ ಹೆಚ್ಚು ಬೆಲೆಯಿಂದ ಅತಿ ಕಡಿಮೆ ಬೆಲೆಯನ್ನು ಸುಮ್ಮನೆ ಕಳೆದರೆ, ಬೆಳೆಯುತ್ತ ಹೋದ ಫಂಡೂ ಭಾರಿ ಬಿದ್ದಂತೆ ಕಾಣುತ್ತದೆ.

ಒಂದು ನಿಜ ಉದಾಹರಣೆ ನೋಡೋಣ. 2008ರ ಜನವರಿ 8ರಂದು ಸೆನ್ಸೆಕ್ಸ್ ದಿನದ ಕೊನೆಗೆ 20,873ರಲ್ಲಿ ನಿಂತಿತ್ತು. ಅಮೆರಿಕದ ಗೃಹಸಾಲದ ಬಿಕ್ಕಟ್ಟು ಜಗತ್ತಿನ ಬ್ಯಾಂಕುಗಳನ್ನೇ ಅಲುಗಾಡಿಸಿದಾಗ ಇಲ್ಲಿಯೂ ಪೇಟೆ ಜಾರುತ್ತ ಹೋಗಿ, 2009ರ ಮಾರ್ಚ್ 9ರಂದು 8,160ಕ್ಕೆ ಬಂದು ನಿಂತಿತು. 20,873ರಲ್ಲಿ 12,713 ಅಂಶ ಹೋಯಿತು, ಅಂದರೆ ಕುಸಿತ ಶೇ 60.9. ಈಗ ಸೂತ್ರ ಹಾಕಿ: 60.9 ÷ 39.1. ಹಳೆಯ ಶಿಖರ ಮುಟ್ಟಲು ತಳದಿಂದ ಸುಮಾರು ಶೇ 156 ಏರಬೇಕಿತ್ತು. ಏರಿತು ಕೂಡ. 2010ರ ನವೆಂಬರ್ 5ರ ದೀಪಾವಳಿ ಮುಹೂರ್ತದ ವಹಿವಾಟಿನಲ್ಲಿ ಸೆನ್ಸೆಕ್ಸ್ 21,000ದ ಗಡಿ ದಾಟಿ ನಿಂತಿತು. ಬೀಳಲು 14 ತಿಂಗಳು, ಏಳಲು 20 ತಿಂಗಳು, ಒಟ್ಟು 34 ತಿಂಗಳು. ಇದರಲ್ಲಿ ಡಿವಿಡೆಂಡ್ ಸೇರಿಲ್ಲ. ಸೇರಿಸಿದರೆ ಸ್ವಲ್ಪ ಬೇಗ ಚೇತರಿಸಿಕೊಂಡಂತೆ ಕಾಣುತ್ತದೆ.

ಆ ದಿನಗಳಲ್ಲಿ ಬಹಳ ಜನರನ್ನು ದಾರಿ ತಪ್ಪಿಸಿದ್ದು ಕ್ಯಾಲೆಂಡರ್. 2007ರ ಕೊನೆಗೆ ಸೆನ್ಸೆಕ್ಸ್ 20,287ರಲ್ಲಿತ್ತು, 2008ರ ಕೊನೆಗೆ 9,647, 2009ರ ಕೊನೆಗೆ 17,465. ಮೊದಲ ವರ್ಷ ಶೇ 52.4 ನಷ್ಟ, ಎರಡನೇ ವರ್ಷ ಶೇ 81 ಲಾಭ. ಬಾಯಿಲೆಕ್ಕ ಹಾಕಿದರೆ 81ರಲ್ಲಿ 52 ಹೋಗಿ 29 ಉಳಿಯಿತು, ಲಾಭವೇ ಆಯಿತು ಎನಿಸುತ್ತದೆ. ಆದರೆ 20,287 ಇದ್ದದ್ದು 17,465 ಆಗಿದೆ, ಅಂದರೆ ಇನ್ನೂ ಸುಮಾರು ಶೇ 14 ನಷ್ಟದಲ್ಲಿದೆ. ಶೇ 52.4 ಬಿದ್ದದ್ದು ತುಂಬಲು ಶೇ 110 ಬೇಕಿತ್ತು, ಬಂದದ್ದು 81. ‘ಶೇ 81 ಲಾಭ ಕೊಟ್ಟ ವರ್ಷ’ ಎಂಬ ಮಾತು ಸುಳ್ಳಲ್ಲ. ಆದರೆ 2007ರ ಕೊನೆಗೆ ಹಣ ಹಾಕಿದವರಿಗೆ ಆ ಮಾತು ಒಂದು ರೂಪಾಯಿ ಲಾಭವನ್ನೂ ತಂದಿರಲಿಲ್ಲ. ಹಿಂದಿನ ವರ್ಷದ ನಷ್ಟ ತಿಳಿಸದೆ ಬರೀ ಏರಿಕೆ ತೋರಿಸುವ ಜಾಹೀರಾತನ್ನು ನಾನು ಅರ್ಧ ಮುಚ್ಚಿಟ್ಟ ಲೆಕ್ಕ ಎಂದೇ ಕರೆಯುತ್ತೇನೆ.

ಫಂಡ್‌ಗಳ ಗರಿಷ್ಠ ಕುಸಿತವನ್ನು ಹೋಲಿಸುವ ಮೊದಲು ಎರಡು ಸಂಗತಿ ಕೇಳಿಕೊಳ್ಳಿ. ಮೊದಲನೆಯದು, ಲೆಕ್ಕ ಹಾಕಿದ್ದು ದಿನದ ಬೆಲೆಯ ಮೇಲೋ, ತಿಂಗಳ ಕೊನೆಯ ಬೆಲೆಯ ಮೇಲೋ? ಕೋವಿಡ್ ಕಾಲದ ಕುಸಿತ ನೋಡಿ. 2020ರ ಜನವರಿ 14ರಂದು ಸೆನ್ಸೆಕ್ಸ್ 41,953, ಮಾರ್ಚ್ 23ರಂದು 25,981. ದಿನದ ಲೆಕ್ಕದಲ್ಲಿ ಕುಸಿತ ಶೇ 38. ಅದನ್ನೇ ತಿಂಗಳ ಕೊನೆಯ ಅಂಕಿಗಳಿಂದ ಹಾಕಿದರೆ 2019ರ ಡಿಸೆಂಬರ್ ಕೊನೆಯ 41,254 ಶಿಖರವಾಗುತ್ತದೆ, ಮಾರ್ಚ್ ಕೊನೆಯ 29,468 ತಳವಾಗುತ್ತದೆ, ಕುಸಿತ ಶೇ 28.6 ಎಂದು ಬರುತ್ತದೆ. ಪೇಟೆ ಅದೇ, ಕುಸಿತ ಅದೇ, ಆದರೂ ಕಾಗದದ ಮೇಲೆ ಹತ್ತು ಶೇಕಡಾದಷ್ಟು ಮಾಯ.

ಎರಡನೆಯದು, ಆ ಐದು ವರ್ಷದ ಅವಧಿ ಯಾವಾಗ ಶುರುವಾಗಿದೆ? ಕೋವಿಡ್ ಕುಸಿತ ಮುಗಿದ ಮೇಲೆ ಹುಟ್ಟಿದ ಫಂಡ್‌ಗೆ ಆ ಶೇ 38 ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮ ಶೇ 22ರ ಫಂಡ್ ನಿಜಕ್ಕೂ ಗಟ್ಟಿಯೋ, ಅಥವಾ ಪರೀಕ್ಷೆಗೇ ಕೂತಿಲ್ಲವೋ ಎಂಬುದು ಇಲ್ಲಿ ತಿಳಿಯುತ್ತದೆ. ಎರಡೂ ಫಂಡ್‌ಗಳು ಒಂದೇ ಅವಧಿ ಕಂಡಿದ್ದು, ಎರಡರ ಲೆಕ್ಕವೂ ದಿನದ ಬೆಲೆಯದ್ದಾಗಿದ್ದರೆ, ಗಳಿಕೆ ಸಮ ಇರುವಾಗ ನಾನು ಶೇ 22ರದ್ದನ್ನೇ ಆರಿಸುತ್ತೇನೆ. ಅದು ಮರಳಿ ಬರಲು ಶೇ 28 ಏರಿದರೆ ಸಾಕು. ಇನ್ನೊಂದಕ್ಕೆ ಶೇ 61 ಬೇಕು.

ಎಷ್ಟು ಏರಬೇಕು ಎಂಬುದನ್ನು ಸೂತ್ರ ಹೇಳುತ್ತದೆ, ಯಾವಾಗ ಏರುತ್ತದೆ ಎಂಬುದನ್ನು ಹೇಳುವುದಿಲ್ಲ. ಕೋವಿಡ್ ಕುಸಿತ 2020ರ ನವೆಂಬರ್ 9ಕ್ಕೇ ತುಂಬಿತು, ಎಂಟು ತಿಂಗಳೂ ಹಿಡಿಯಲಿಲ್ಲ. ಜಪಾನಿನ ನಿಕ್ಕೆಯಿ ಸೂಚ್ಯಂಕ 1989ರ ಡಿಸೆಂಬರ್ 29ರಂದು 38,916 ಮುಟ್ಟಿತು, 2009ರ ಮಾರ್ಚ್‌ನಲ್ಲಿ 7,055ಕ್ಕೆ ಇಳಿಯಿತು. ಶೇ 82ರಷ್ಟು ಕುಸಿತ, ಮರಳಲು ಶೇ 450ಕ್ಕೂ ಹೆಚ್ಚು ಏರಿಕೆ ಬೇಕು. ಹಳೆಯ ಶಿಖರ ದಾಟಿದ್ದು 2024ರ ಫೆಬ್ರುವರಿ 22ರಂದು. ಮೂವತ್ತನಾಲ್ಕು ವರ್ಷ. ನಲವತ್ತನೇ ವಯಸ್ಸಿನಲ್ಲಿ ಹಣ ಹಾಕಿದವರು ಅಷ್ಟರಲ್ಲಿ ಎಪ್ಪತ್ತನ್ನು ದಾಟಿದ್ದರು.

ಪ್ರಶ್ನೆ: ಸರ್, ನಾವು ಕುರುಗೋಡು ತಾಲೂಕಿನ ರೈತರು. ಮೆಣಸಿನಕಾಯಿಗೆ ಕ್ವಿಂಟಲಿಗೆ 20,000 ಕೇಳಿದಾಗ ಕೊಡಲಿಲ್ಲ, ಇನ್ನೂ ಏರುತ್ತೆ ಅಂತ 40 ಕ್ವಿಂಟಲ್ ಕೋಲ್ಡ್ ಸ್ಟೋರೇಜ್‌ಗೆ ಹಾಕಿದೆವು. ರಸೀದಿ ಅಡ ಇಟ್ಟು ಬ್ಯಾಂಕಿನಲ್ಲಿ 3 ಲಕ್ಷ ಸಾಲ ತಗೊಂಡೆವು, ಶೇ 9 ಬಡ್ಡಿ. ಬಾಡಿಗೆ ವರ್ಷಕ್ಕೆ 20,000. ಈಗ ದರ 10,000ಕ್ಕೆ ಬಂದಿದೆ. ಹಳೇ ದರ ಬರೋವರೆಗೂ ಇಡಬೇಕು ಅಂತ ನಮ್ಮಣ್ಣ, ಮಾರಿಬಿಡು ಅಂತ ನಮ್ಮ ಭಾವ. ಏನು ಮಾಡಲಿ?
*(ಕುರುಗೋಡು ತಾಲೂಕು)*

ಉತ್ತರ: ನಿಮ್ಮ ಪತ್ರ ಓದಿದಾಗ 2024ರ ಮಾರ್ಚ್ 11 ನೆನಪಾಯಿತು. ಬ್ಯಾಡಗಿ ಎಪಿಎಂಸಿಯಲ್ಲಿ ದರ ಕುಸಿದಿದ್ದಕ್ಕೆ ರೈತರು ರೊಚ್ಚಿಗೆದ್ದು, ವಾಹನಗಳಿಗೆ ಬೆಂಕಿ ಬಿದ್ದ ದಿನ ಅದು. ದರ ಅರ್ಧಕ್ಕೆ ಇಳಿದರೆ ಏನಾಗುತ್ತದೆ ಎಂಬುದನ್ನು ಮೆಣಸಿನಕಾಯಿ ಬೆಳೆದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಮಾಲನ್ನು ಸಾಲದ ಜೊತೆ ಇಟ್ಟಾಗ ಲೆಕ್ಕ ಇನ್ನಷ್ಟು ಬಿಗಿಯಾಗುತ್ತದೆ, ಅದನ್ನು ನಿಧಾನವಾಗಿ ನೋಡೋಣ.

ದರ 20,000 ಇದ್ದಾಗ ನಿಮ್ಮ ಮಾಲಿನ ಬೆಲೆ 8 ಲಕ್ಷ. ಅದರಲ್ಲಿ 3 ಲಕ್ಷ ಬ್ಯಾಂಕಿನದು, 5 ಲಕ್ಷ ನಿಮ್ಮ ಪಾಲು. ಈಗ ಬೆಲೆ 4 ಲಕ್ಷ. ಬ್ಯಾಂಕಿನ 3 ಲಕ್ಷ ಹಾಗೇ ಇದೆ, ನಿಮ್ಮ ಪಾಲು 1 ಲಕ್ಷಕ್ಕೆ ಇಳಿದಿದೆ. ಕಾಯಿಯ ದರ ಬಿದ್ದದ್ದು ಶೇ 50, ನಿಮ್ಮ ಪಾಲು ಕರಗಿದ್ದು ಶೇ 80. ಆ ಒಂದು ಲಕ್ಷ ಮತ್ತೆ ಐದು ಆಗಬೇಕೆಂದರೆ ಶೇ 400 ಬೆಳೆಯಬೇಕು. ದರ 7,500ಕ್ಕೆ ಇಳಿದರೆ ನಿಮ್ಮ ಪಾಲು ಸೊನ್ನೆ. ಅಲ್ಲಿಗೆ ಬರುವ ಮೊದಲೇ ಬ್ಯಾಂಕು ಸಾಲ ಕಟ್ಟಿ ಇಲ್ಲವೇ ಇನ್ನಷ್ಟು ಮಾಲು ಇಡಿ ಎಂದು ಕೇಳುತ್ತದೆ.

ಇನ್ನು ನಿಮ್ಮ ಅಣ್ಣನವರ ಮಾತಿಗೆ ಬರೋಣ. ಇನ್ನೊಂದು ವರ್ಷ ಇಟ್ಟರೆ ಬಾಡಿಗೆ 20,000, ಬಡ್ಡಿ 27,000, ಒಟ್ಟು 47,000 ಖರ್ಚು. ಕಾಯಿ ಒಣಗಿ ಕ್ವಿಂಟಲಿಗೆ 2 ಕಿಲೋ ತೂಕ ಇಳಿಯಿತು ಎಂದು ಹಿಡಿದರೆ 40 ಕ್ವಿಂಟಲ್ 39.2 ಆಗುತ್ತದೆ. ಆಗ ನಿಮ್ಮ ಹಳೆಯ 8 ಲಕ್ಷ ಕೈಗೆ ಬರಬೇಕಾದರೆ ಕ್ವಿಂಟಲಿಗೆ 20,000 ಸಾಲದು, 21,600 ಬೇಕು. ಅಂದರೆ ಇವತ್ತಿನ ದರದ ಮೇಲೆ ಶೇ 116 ಏರಬೇಕು. ಶೇ 100 ಎನ್ನುವುದು ಸುಮ್ಮನೆ ಕೂತ ಹಣದ ಲೆಕ್ಕ. ಬಾಡಿಗೆ, ಬಡ್ಡಿ ತಿನ್ನುವ ಮಾಲಿಗೆ ಅದು ವರ್ಷ ವರ್ಷ ಮೇಲೆ ಹೋಗುತ್ತದೆ. ಜೊತೆಗೆ ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟರೂ ಕಾಯಿಯ ಬಣ್ಣ ನಿಧಾನವಾಗಿ ಮಾಸುತ್ತದೆ. ಜನವರಿ ನಂತರ ಹೊಸ ಕಾಯಿ ಮಾರುಕಟ್ಟೆಗೆ ಬಂದಾಗ ಹಳೆಯದನ್ನು ಖರೀದಿದಾರರು ಕೆಳಗಿನ ದರಕ್ಕೇ ಕೇಳುತ್ತಾರೆ. ಇದನ್ನು ನಾನು ಲೆಕ್ಕಕ್ಕೆ ಸೇರಿಸಿಲ್ಲ.

ಆದ್ದರಿಂದ ‘20,000 ಯಾವಾಗ ಬರುತ್ತದೆ’ ಎಂದು ಕೇಳುವುದನ್ನು ಬಿಡಿ. ನೀವು ಒಮ್ಮೆ ಕಂಡ ದರಕ್ಕೆ ಮಾರುಕಟ್ಟೆ ಬದ್ಧವಾಗಿಲ್ಲ. ಕೇಳಬೇಕಾದ ಪ್ರಶ್ನೆ ಇದು: ಇವತ್ತು ಮಾರುವುದಕ್ಕಿಂತ ಒಂದು ವರ್ಷ ಬಿಟ್ಟು ಮಾರಿದರೆ ಲಾಭವೇ? ಇವತ್ತಿನ 4 ಲಕ್ಷಕ್ಕೆ 47,000 ಸೇರಿಸಿ 39.2 ಕ್ವಿಂಟಲಿಗೆ ಹಂಚಿದರೆ 11,400 ಬರುತ್ತದೆ. ದರ ಅದಕ್ಕಿಂತ ಮೇಲೆ ಹೋಗುತ್ತದೆ ಎಂಬ ನಂಬಿಕೆಗೆ ನಿಮ್ಮಲ್ಲಿ ಆಧಾರವಿದ್ದರೆ ಇಡಿ. ಈ ವರ್ಷ ಬಿತ್ತನೆ ಎಷ್ಟಾಗಿದೆ, ಕೋಲ್ಡ್ ಸ್ಟೋರೇಜ್‌ಗಳಲ್ಲಿ ಹಳೇ ಮಾಲು ಎಷ್ಟಿದೆ ಎಂದು ದಲಾಲಿ ಅಂಗಡಿಯಲ್ಲಿ ವಿಚಾರಿಸಿದರೆ ಒಂದು ಅಂದಾಜು ಸಿಗುತ್ತದೆ. ಹಳೆಯ ದಾಸ್ತಾನು ತುಂಬಿದ್ದು, ಬಿತ್ತನೆಯೂ ಹೆಚ್ಚಾಗಿದ್ದರೆ ದರ ದುಪ್ಪಟ್ಟಾಗಲು ಕಾರಣವೇ ಇರುವುದಿಲ್ಲ.

ನನ್ನ ಸಲಹೆ ನಿಮ್ಮ ಭಾವನವರ ಕಡೆಗೇ ಹೆಚ್ಚು. ಮುಕ್ಕಾಲು ಪಾಲು, ಅಂದರೆ 30 ಕ್ವಿಂಟಲ್ ಮಾರಿ, 3 ಲಕ್ಷ ಸಾಲದ ಅಸಲು ತೀರಿಸಿ. ಉಳಿದ 10 ಕ್ವಿಂಟಲ್ ಇಟ್ಟು ಕಾಯಲು ಮನಸ್ಸಿದ್ದರೆ ಕಾಯಿರಿ. ಆಗ ದರ ಇನ್ನೂ ಅರ್ಧ ಬಿದ್ದರೂ ಹೋಗುವುದು 50,000. ಈಗಿನಂತೆ ಪೂರ್ತಿ ಇಟ್ಟುಕೊಂಡು ಬಿದ್ದರೆ ನಿಮ್ಮ ಪಾಲೆಲ್ಲ ಹೋಗಿ ಮೇಲೆ ಒಂದು ಲಕ್ಷ ಸಾಲ ಉಳಿಯುತ್ತದೆ.

ಪ್ರಶ್ನೆ: ನನಗೆ 27 ವರ್ಷ, ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಕೆಲಸ. ಆಪ್ಷನ್ ಟ್ರೇಡಿಂಗ್‌ನಲ್ಲಿ 4 ಲಕ್ಷದಲ್ಲಿ 3 ಲಕ್ಷ ಕಳೆದುಕೊಂಡೆ. ಉಳಿದ 1 ಲಕ್ಷಕ್ಕೆ 2 ಲಕ್ಷ ಕೈಸಾಲ ಸೇರಿಸಿದರೆ ಒಂದೇ ವರ್ಷದಲ್ಲಿ ಕಳೆದದ್ದನ್ನು ತೆಗೆಯಬಹುದು ಎಂದು ಸ್ನೇಹಿತ ಹೇಳುತ್ತಾನೆ. ನೂರಕ್ಕೆ ಎರಡು ರೂಪಾಯಿ ಬಡ್ಡಿ.
*(ಬಳ್ಳಾರಿ)*

ಉತ್ತರ: ಸಾಲ ತರಬೇಡಿ. ಕಾರಣವನ್ನು ಅಂಕಿಗಳಲ್ಲೇ ಹೇಳುತ್ತೇನೆ.

ಉಳಿದ 1 ಲಕ್ಷ 4 ಲಕ್ಷವಾಗಲು ಶೇ 300 ಏರಬೇಕು. ಅದು ಆಗದ ಮಾತು ಎಂದು ನಿಮ್ಮ ಸ್ನೇಹಿತರಿಗೂ ಗೊತ್ತು, ಅದಕ್ಕೇ ಸಾಲದ ಮಾತು ಬಂದಿದೆ. ಸಾಲ ಸೇರಿಸಿದರೆ 3 ಲಕ್ಷವಾಗುತ್ತದೆ. ತಿಂಗಳಿಗೆ ನೂರಕ್ಕೆ ಎರಡು ಎಂದರೆ ವರ್ಷಕ್ಕೆ ಶೇ 24, ಎರಡು ಲಕ್ಷಕ್ಕೆ 48,000 ಬಡ್ಡಿ. ವರ್ಷದ ಕೊನೆಗೆ ಸಾಲ, ಬಡ್ಡಿ ತೀರಿಸಿ ನಿಮ್ಮ ಕೈಯಲ್ಲಿ 4 ಲಕ್ಷ ಉಳಿಯಬೇಕಾದರೆ ಆ 3 ಲಕ್ಷ 6.48 ಲಕ್ಷ ಆಗಬೇಕು. ಅಂದರೆ ಶೇ 116. ಶೇ 300ಕ್ಕಿಂತ ಇದು ಸುಲಭ ಎನಿಸಬಹುದು, ಆದರೆ ಕೆಳಮುಖವನ್ನೂ ನೋಡಿ. ಆ 3 ಲಕ್ಷದಲ್ಲಿ ಮೂರನೇ ಒಂದು ಭಾಗ ಹೋದರೆ ನಿಮ್ಮ ಸ್ವಂತದ್ದೆಲ್ಲ ಮುಗಿಯಿತು. ಅಲ್ಲಿಂದ ಮುಂದೆ ಕಳೆಯುವ ಪ್ರತಿ ರೂಪಾಯಿಯೂ ಸಾಲದ್ದು. 4 ಲಕ್ಷದಲ್ಲಿ ಮುಕ್ಕಾಲು ಕಳೆದವರಿಗೆ ಮೂರನೇ ಒಂದು ಭಾಗ ಕಳೆಯುವುದು ಎಷ್ಟು ಹೊತ್ತಿನ ಮಾತು ಎಂದು ನೀವೇ ಯೋಚಿಸಿ.

2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದರ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಎಫ್ ಅಂಡ್ ಓ ವಹಿವಾಟು ಮಾಡಿದ ಬಿಡಿ ಹೂಡಿಕೆದಾರರಲ್ಲಿ ಶೇ 93 ಮಂದಿಗೆ ನಷ್ಟವಾಗಿದೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಿಂತ ಹೆಚ್ಚು. ಹೀಗಿರುವಾಗ ನಿಮ್ಮೊಬ್ಬರದೇ ತಪ್ಪು ಎಂದು ಕೊರಗಬೇಡಿ.

ಆಪ್ಷನ್ ಪೂರ್ತಿ ಬಿಡಿ ಎಂಬುದೇ ನನ್ನ ಮಾತು. ಆದರೂ ಟ್ರೇಡಿಂಗ್ ಮಾಡಿಯೇ ತೀರುತ್ತೇನೆ ಎನ್ನುವವರು ಒಂದು ವ್ಯತ್ಯಾಸ ತಿಳಿದಿರಬೇಕು. ಒಂದೊಂದು ವಹಿವಾಟಿಗೆ ಬಂಡವಾಳದ ಶೇ 10 ಪಣಕ್ಕಿಟ್ಟು ಸತತ ಏಳು ಬಾರಿ ಸೋತರೆ ಶೇ 52 ಹೋಗುತ್ತದೆ, ಮರಳಲು ಶೇ 109 ಬೇಕು. ಶೇ 2 ಮಾತ್ರ ಇಟ್ಟು ಅದೇ ಏಳು ಬಾರಿ ಸೋತರೆ ಹೋಗುವುದು ಶೇ 13, ಮರಳಲು ಶೇ 15 ಸಾಕು. ಸತತ ಏಳು ಸೋಲು ಯಾರಿಗೂ ಬರಬಹುದು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ನಿವೃತ್ತಿಯಿಂದ ಬಂದ 20 ಲಕ್ಷವನ್ನೂ ಷೇರು ಫಂಡ್‌ಗೆ ಹಾಕಿ ತಿಂಗಳಿಗೆ 12,000 ತೆಗೆದುಕೊಳ್ಳಿ ಎಂದು ನಮ್ಮ ಅಳಿಯಂದಿರು ಹೇಳುತ್ತಾರೆ. ‘ಬಿದ್ದರೂ ಅತ್ತೆ, ಮತ್ತೆ ಏರುತ್ತದೆ’ ಎನ್ನುತ್ತಾರೆ. ಸರಿಯೇ?
*(ಕುರುಗೋಡು)*

ಉತ್ತರ: ನಿಮ್ಮ ಅಳಿಯಂದಿರಿಗೆ ತಿಂಗಳ ಸಂಬಳ ಬರುತ್ತದೆ. ಪೇಟೆ ಬಿದ್ದಾಗ ಅವರು ಹಣ ಮುಟ್ಟದೆ ಕಾಯಬಲ್ಲರು. ನೀವು ಬಿದ್ದಾಗಲೂ ತೆಗೆಯಲೇಬೇಕು. ಅವರ ಲೆಕ್ಕಕ್ಕೂ ನಿಮ್ಮ ಲೆಕ್ಕಕ್ಕೂ ಇರುವ ದೊಡ್ಡ ಅಂತರ ಅದೇ.

ಮೊದಲ ವರ್ಷವೇ ಶೇ 40 ಬಿತ್ತು ಎಂದುಕೊಳ್ಳಿ. 20 ಲಕ್ಷ 12 ಲಕ್ಷವಾಯಿತು. ಮುಟ್ಟದೆ ಬಿಟ್ಟರೆ ಮರಳಲು ಶೇ 67 ಸಾಕು. ಆದರೆ ನೀವು ವರ್ಷಕ್ಕೆ 1.44 ಲಕ್ಷ ತೆಗೆಯುತ್ತೀರಿ, ಉಳಿಯುವುದು 10.56 ಲಕ್ಷ. ಈಗ ಬೇಕಾದದ್ದು ಶೇ 89. ಪೇಟೆ ಇನ್ನೊಂದು ವರ್ಷ ಅಲ್ಲೇ ನಿಂತರೆ ಮತ್ತೆ 1.44 ಲಕ್ಷ ಹೋಗಿ 9.12 ಲಕ್ಷ ಉಳಿಯುತ್ತದೆ. ಆಗ 20 ಲಕ್ಷಕ್ಕೆ ಮರಳಲು ಶೇ 119 ಏರಬೇಕು. ಪೇಟೆ ಬಿದ್ದದ್ದು ಶೇ 40 ಮಾತ್ರ, ನಿಮ್ಮ ಗಂಟು ಅರ್ಧಕ್ಕಿಂತ ಕೆಳಗೆ ಹೋಯಿತು. ಪೇಟೆ ಮುಂದೆ ಪೂರ್ತಿ ಚೇತರಿಸಿಕೊಂಡು ಪತ್ರಿಕೆಯಲ್ಲಿ ಸುದ್ದಿ ಬಂದ ದಿನವೂ ನಿಮ್ಮ ಖಾತೆ ಚೇತರಿಸಿಕೊಂಡಿರುವುದಿಲ್ಲ.

12 ಲಕ್ಷವನ್ನು ಬ್ಯಾಂಕ್ ಠೇವಣಿ, ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಡಿ. 8 ಲಕ್ಷ ಮಾತ್ರ ಷೇರು ಫಂಡ್‌ಗೆ ಹೋಗಲಿ. ತಿಂಗಳ ಖರ್ಚು ಠೇವಣಿಯ ಬಡ್ಡಿಯಿಂದ, ಸಾಲದಿದ್ದರೆ ಠೇವಣಿಯ ಅಸಲಿನಿಂದ ಬರಲಿ. ಷೇರು ಪೇಟೆ ಅರ್ಧಕ್ಕೆ ಬಿದ್ದರೂ ಹೋಗುವುದು 4 ಲಕ್ಷ, ಒಟ್ಟು ಗಂಟಿನಲ್ಲಿ ಶೇ 20, ತುಂಬಿಕೊಳ್ಳಲು ಒಟ್ಟಾರೆ ಶೇ 25 ಸಾಕು. ಆ 8 ಲಕ್ಷದ ಭಾಗಕ್ಕೆ ಶೇ 100ರ ನಿಯಮ ತಪ್ಪುವುದಿಲ್ಲ, ಅದು ಬೇಗ ಏಳುತ್ತದೆ ಎಂದೂ ನಾನು ಹೇಳುತ್ತಿಲ್ಲ. ಆದರೆ ಅದು ಏಳುವವರೆಗೆ ನೀವು ಅದನ್ನು ಮುಟ್ಟಬೇಕಾಗಿಲ್ಲ. ಈ ಅಂಕಿಗಳನ್ನು ಅಳಿಯಂದಿರಿಗೂ ತೋರಿಸಿ, ಅವರ ಉದ್ದೇಶವೇನೂ ಕೆಟ್ಟದ್ದಲ್ಲ.

ಪ್ರಶ್ನೆ: ತಿಂಗಳಿಗೆ 5,000 ಎಸ್‌ಐಪಿ ಕಟ್ಟುತ್ತಿದ್ದೇನೆ. ಫಂಡ್ ಬೆಲೆ ಅರ್ಧಕ್ಕೆ ಬಿದ್ದರೆ ನನಗೂ ಶೇ 100 ಏರಿಕೆ ಬೇಕೇ?
*(ಸಿರುಗುಪ್ಪ)*

ಉತ್ತರ: ಬೇಡ, ನೀವು ಎಲ್ಲ ಹಣವನ್ನೂ ಶಿಖರದಲ್ಲಿ ಹಾಕಿಲ್ಲ. ಒಂದು ಯೂನಿಟ್‌ನ ಬೆಲೆ ನಾಲ್ಕು ತಿಂಗಳಲ್ಲಿ 100, 80, 60, 50 ಎಂದು ಇಳಿಯಿತು ಎನ್ನಿ. ನೀವು ಕಟ್ಟಿದ 20,000ಕ್ಕೆ ಸುಮಾರು 296 ಯೂನಿಟ್ ಬಂದಿರುತ್ತದೆ, ಸರಾಸರಿ ಬೆಲೆ 67.60. ಆದ್ದರಿಂದ 50ರಿಂದ ಶೇ 35 ಏರಿದರೆ ನಿಮ್ಮ ಅಸಲು ಬರುತ್ತದೆ. ಆದರೆ ಇದು ಹೊಸದಾಗಿ ಶುರು ಮಾಡಿದವರಿಗೆ. ಹತ್ತು ವರ್ಷದಿಂದ ಕಟ್ಟಿ 10 ಲಕ್ಷ ಕೂಡಿದ್ದರೆ, ಅದು ಅರ್ಧವಾದಾಗ ತಿಂಗಳ 5,000 ದೊಡ್ಡ ವ್ಯತ್ಯಾಸ ಮಾಡುವುದಿಲ್ಲ, ಆ ಗಂಟಿಗೆ ಶೇ 100 ಬಹುಪಾಲು ಹಾಗೇ ಅನ್ವಯಿಸುತ್ತದೆ. ಮಗಳ ಮದುವೆಗೋ ಕಾಲೇಜಿಗೋ ಇಟ್ಟ ಹಣವಾದರೆ ಬೇಕಾಗುವ ಎರಡು–ಮೂರು ವರ್ಷ ಮೊದಲೇ ಸ್ವಲ್ಪ ಸ್ವಲ್ಪವಾಗಿ ಠೇವಣಿಗೆ ಬದಲಿಸಿ.

ಓದುಗರಲ್ಲಿ ಒಂದು ವಿನಂತಿ. ನಷ್ಟದ ಬಗ್ಗೆ ಬರೆಯುವಾಗ ಹಾಕಿದ ಮೊತ್ತ, ಹಾಕಿದ ತಿಂಗಳು, ಈಗಿನ ಬೆಲೆ, ಸಾಲವಿದ್ದರೆ ಅದರ ಬಡ್ಡಿ ಇಷ್ಟನ್ನು ತಪ್ಪದೆ ಬರೆಯಿರಿ. ‘ತುಂಬಾ ಬಿದ್ದಿದೆ’ ಎಂದಷ್ಟೇ ಇದ್ದರೆ ಉತ್ತರಿಸಲು ಆಗುವುದಿಲ್ಲ.